ಡೆಡಿಕೇಟೆಡ್ ಹೋಸ್ಟ್

ಡೆಡಿಕೇಟೆಡ್ ಹೋಸ್ಟ್ ಎಂದರೆ ಕ್ಲೌಡ್ ಸೇವೆಯಲ್ಲಿ ಒಬ್ಬನೇ ಗ್ರಾಹಕನಿಗೆ ಮೀಸಲಾದ ಭೌತಿಕ ಸರ್ವರ್. ಅಮೆಜಾನ್ ವೆಬ್ ಸರ್ವಿಸಸ್ (ಎಡಬ್ಲ್ಯುಎಸ್) ಈ ಸೇವೆಯನ್ನು 2015ರಲ್ಲಿ ಆರಂಭಿಸಿತು. ಗ್ರಾಹಕರು ಮೊದಲೇ ಕೊಂಡಿರುವ ತಂತ್ರಾಂಶ ಪರವಾನಗಿಯನ್ನು ಕ್ಲೌಡ್‌ನಲ್ಲಿ ಬಳಸುವುದು ಇದರ ಪ್ರಮುಖ ಉದ್ದೇಶಗಳಲ್ಲೊಂದು.

ಹಿನ್ನೆಲೆ

ಸಾಮಾನ್ಯ ಕ್ಲೌಡ್ ಯಂತ್ರ ಯಾವ ಸರ್ವರ್ ಮೇಲೆ ಓಡುತ್ತಿದೆ ಎಂಬುದು ಗ್ರಾಹಕನಿಗೆ ತಿಳಿಯುವುದಿಲ್ಲ. ಆದರೆ ವಿಂಡೋಸ್ ಸರ್ವರ್ ಪರವಾನಗಿಯನ್ನು ಭೌತಿಕ ಕೋರ್‌ಗಳ ಲೆಕ್ಕದಲ್ಲಿ ನೀಡಲಾಗುತ್ತದೆ. ಸರ್ವರಿನ ಎಲ್ಲ ಕೋರ್‌ಗಳಿಗೂ ಪರವಾನಗಿ ಇರಬೇಕು. ಅದನ್ನು ಒಮ್ಮೆ ಒಂದು ಸರ್ವರಿಗೆ ನಿಗದಿಪಡಿಸಿದರೆ, ಯಂತ್ರ ಶಾಶ್ವತವಾಗಿ ಕೆಟ್ಟ ಸಂದರ್ಭವನ್ನು ಬಿಟ್ಟು, 90 ದಿನ ಬೇರೆಡೆಗೆ ವರ್ಗಾಯಿಸುವಂತಿಲ್ಲ. ಡೆಡಿಕೇಟೆಡ್ ಹೋಸ್ಟ್ ಕೋರ್‌ಗಳ ಸಂಖ್ಯೆಯನ್ನು ತೋರಿಸುತ್ತದೆ. ನಿಲ್ಲಿಸಿದ ಯಂತ್ರ ಮತ್ತೆ ಅದೇ ಸರ್ವರಿನಲ್ಲಿ ಆರಂಭವಾಗುವಂತೆ ಕಟ್ಟುಪಾಡು ಮಾಡಲೂ ಅವಕಾಶವಿದೆ. ಬೇರ್ ಮೆಟಲ್ ಯಂತ್ರದಲ್ಲಿ ಗ್ರಾಹಕನು ನೇರವಾಗಿ ಯಂತ್ರಾಂಶದ ಮೇಲೆ ತನ್ನದೇ ವರ್ಚುವಲೀಕರಣ ತಂತ್ರಾಂಶವನ್ನು ನಡೆಸಬಹುದು. ಆದರೆ ಅದು ಹೋಸ್ಟ್‌ಗೆ ಕಟ್ಟಿಲ್ಲದಿದ್ದರೆ, ನಿಲ್ಲಿಸಿ ಆರಂಭಿಸಿದಾಗ ಬೇರೆ ಸರ್ವರಿಗೆ ಹೋಗಬಹುದು.

ಒಂದು ಲೆಕ್ಕ

ಎಡಬ್ಲ್ಯುಎಸ್‌ನ ಆರ್5 ಹೋಸ್ಟ್‌ನಲ್ಲಿ 48 ಭೌತಿಕ ಕೋರ್‌ಗಳಿವೆ. ವಿಂಡೋಸ್ ಸರ್ವರ್ 2019ರ ಘೋಷಿತ ಬೆಲೆ 16 ಕೋರ್‌ಗಳಿಗೆ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 972 ಡಾಲರ್, ಡೇಟಾಸೆಂಟರ್ ಆವೃತ್ತಿಯಲ್ಲಿ 6,155 ಡಾಲರ್ ಆಗಿತ್ತು. ಅಂದರೆ ಇಡೀ ಹೋಸ್ಟ್‌ಗೆ ಕ್ರಮವಾಗಿ 2,916 ಮತ್ತು 18,465 ಡಾಲರ್. ಸ್ಟ್ಯಾಂಡರ್ಡ್ ಆವೃತ್ತಿ ಎರಡು ವರ್ಚುವಲ್ ಯಂತ್ರಗಳಿಗೆ ಮಾತ್ರ ಸಾಲುತ್ತದೆ; ಮುಂದಿನ ಪ್ರತಿ ಎರಡಕ್ಕೂ ಎಲ್ಲ 48 ಕೋರ್‌ಗಳಿಗೆ ಮತ್ತೊಮ್ಮೆ ಪರವಾನಗಿ ಬೇಕು. ಡೇಟಾಸೆಂಟರ್‌ಗೆ ಈ ಮಿತಿಯಿಲ್ಲ. ಹೀಗಾಗಿ 12 ಯಂತ್ರಗಳಿಗೆ ಸ್ಟ್ಯಾಂಡರ್ಡ್ ವೆಚ್ಚ 17,496 ಡಾಲರ್ ಆಗಿ ಅಗ್ಗವಾಗುತ್ತದೆ. 13ನೆಯ ಯಂತ್ರ ಸೇರಿದೊಡನೆ ಅದು 20,412 ಡಾಲರ್‌ಗೆ ಏರಿ ಡೇಟಾಸೆಂಟರ್ ಲಾಭದಾಯಕವಾಗುತ್ತದೆ. ಯಂತ್ರದ ಗಾತ್ರ ಚಿಕ್ಕದಾದಷ್ಟೂ ಒಂದೇ ಹೋಸ್ಟ್‌ನಲ್ಲಿ ಹೆಚ್ಚು ಯಂತ್ರಗಳು ಹಿಡಿಸುವುದರಿಂದ, ಗಾತ್ರದ ಆಯ್ಕೆಯನ್ನೂ ಪರವಾನಗಿಯೇ ನಿರ್ಧರಿಸುತ್ತದೆ.

2019ರ ನಿಯಮ

2019ರ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ನಿಯಮ ಬಿಗಿಗೊಳಿಸಿತು. ಆ ದಿನದ ನಂತರ ಕೊಂಡ ವಿಂಡೋಸ್ ಸರ್ವರ್ ಪರವಾನಗಿಯನ್ನು ಅಮೆಜಾನ್, ಗೂಗಲ್ ಮತ್ತು ಅಲಿಬಾಬಾಗಳ ಡೆಡಿಕೇಟೆಡ್ ಹೋಸ್ಟ್‌ಗಳಿಗೆ ಒಯ್ಯುವಂತಿಲ್ಲ. ಹಳೆಯ ಪರವಾನಗಿ ಇದ್ದವರು 2019ರ ಆವೃತ್ತಿಯವರೆಗೆ ಮಾತ್ರ ಬಳಸಬಹುದು. ಎಸ್‌ಕ್ಯೂಎಲ್ ಸರ್ವರ್‌ಗೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಒಪ್ಪಂದವಿದ್ದರೆ ಹಂಚಿಕೆಯ ಸರ್ವರಿಗೂ ಪರವಾನಗಿ ಒಯ್ಯುವ ಹಕ್ಕಿದೆ. ಅದಕ್ಕೆ ಹೋಸ್ಟ್ ಕಡ್ಡಾಯವಲ್ಲ.

ಸಾಮಾನ್ಯ ದೋಷ

ಸ್ವಂತ ಪರವಾನಗಿ ಬಳಸುವವರು ತಮ್ಮದೇ ವಿಂಡೋಸ್ ಪ್ರತಿಯನ್ನು ಆಮದು ಮಾಡಿಕೊಳ್ಳಬೇಕು. ಎಡಬ್ಲ್ಯುಎಸ್ ಒದಗಿಸುವ ಸಿದ್ಧ ಪ್ರತಿಯಿಂದ ಆರಂಭಿಸಿದರೆ ಬಾಡಿಗೆಯಲ್ಲಿ ವಿಂಡೋಸ್ ಶುಲ್ಕವೂ ಸೇರಿ, ಒಂದೇ ತಂತ್ರಾಂಶಕ್ಕೆ ಎರಡು ಬಾರಿ ಹಣ ತೆತ್ತಂತಾಗುತ್ತದೆ. ಬಿಲ್ಲಿನಲ್ಲಿ ಇದನ್ನು ಗುರುತಿಸಬಹುದು: ಶುಲ್ಕ ಸೇರಿದ ಯಂತ್ರಕ್ಕೆ `RunInstances:0002`, ಸ್ವಂತ ಪರವಾನಗಿಯ ಯಂತ್ರಕ್ಕೆ `RunInstances:0800` ಎಂಬ ಸಂಕೇತವಿರುತ್ತದೆ.