ಗೃಹಸಾಲದ ಅಸಲು ಮತ್ತು ಬಡ್ಡಿ: ತೆರಿಗೆ ಕಡಿತಕ್ಕೆ ಬ್ಯಾಂಕಿನ ಪ್ರಮಾಣಪತ್ರ

ಮನೆ ಸಾಲದ ಕಂತು ಒಂದೇ ಮೊತ್ತವಾಗಿ ಖಾತೆಯಿಂದ ಹೋಗುತ್ತದೆ. ಆದರೆ ಆದಾಯ ತೆರಿಗೆ ಕಾಯ್ದೆ ಅದನ್ನು ಎರಡು ಭಾಗ ಮಾಡಿ ನೋಡುತ್ತದೆ. ಅಸಲಿಗೆ ಒಂದು ನಿಯಮ, ಬಡ್ಡಿಗೆ ಇನ್ನೊಂದು. ಈ ಎರಡು ಅಂಕಿಗಳನ್ನು ಬೇರ್ಪಡಿಸಿ ಕೊಡುವ ಕಾಗದವೇ ಸಾಲ ಕೊಟ್ಟ ಸಂಸ್ಥೆಯ ಬಡ್ಡಿ ಪ್ರಮಾಣಪತ್ರ. ಪ್ರಮಾಣಪತ್ರದಲ್ಲಿ ಇರುವ ಮೊತ್ತವನ್ನೆಲ್ಲ ಹಾಗೆಯೇ ರಿಟರ್ನ್‌ನಲ್ಲಿ ಬರೆದುಬಿಡುವವರೇ ಹೆಚ್ಚು. ತಪ್ಪುಗಳು ಆಗುವುದೂ ಅಲ್ಲಿಯೇ.

ಮೊದಲು ಒಂದು ಮಾತು. ಸ್ವಂತ ವಾಸದ ಮನೆಯ ಸಾಲಕ್ಕೆ ಈ ಕಡಿತಗಳು ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಹಳೆಯದು ಬೇಕೆಂದರೆ ಆಯ್ಕೆ ಮಾಡಿಕೊಳ್ಳಬೇಕು. ಕೆಳಗಿನ ಲೆಕ್ಕ 2024-25ನೇ ಹಣಕಾಸು ವರ್ಷದ್ದು, ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು.

ಬಡ್ಡಿಯ ಕಡಿತ ಸೆಕ್ಷನ್ 24(ಬಿ) ಅಡಿ ಬರುತ್ತದೆ. ಸ್ವಂತ ವಾಸದ ಮನೆಯನ್ನು ಕೊಳ್ಳಲು ಅಥವಾ ಕಟ್ಟಲು ಮಾಡಿದ ಸಾಲವಾದರೆ ವರ್ಷಕ್ಕೆ ಗರಿಷ್ಠ 2,00,000 ರೂಪಾಯಿ. ಸಾಲ ಪಡೆದ ಹಣಕಾಸು ವರ್ಷ ಮುಗಿದ ಮೇಲೆ 5 ವರ್ಷದೊಳಗೆ ಮನೆ ಪೂರ್ಣವಾಗಿರಬೇಕು; ತಡವಾದರೆ ಮಿತಿ 30,000 ರೂಪಾಯಿಗೆ ಇಳಿಯುತ್ತದೆ. ಬರೀ ದುರಸ್ತಿಗೆ ಮಾಡಿದ ಸಾಲಕ್ಕೂ ಮಿತಿ 30,000 ರೂಪಾಯಿಯೇ. ಆ 2 ಲಕ್ಷದ ಕಡಿತ ಪಡೆಯಲು, ಎಷ್ಟು ಬಡ್ಡಿ ಸಲ್ಲಬೇಕಿದೆ ಎಂದು ಸಾಲ ಕೊಟ್ಟವರಿಂದ ಪ್ರಮಾಣಪತ್ರ ಪಡೆದಿರಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಲ್ಲಿ ‘ಸಲ್ಲಬೇಕಾದ’ ಎಂಬ ಪದ ಮುಖ್ಯ. ಮಾರ್ಚ್ ಕಂತು ಕೈತಪ್ಪಿ ಏಪ್ರಿಲ್‌ನಲ್ಲಿ ಕಟ್ಟಿದರೂ ಆ ತಿಂಗಳ ಬಡ್ಡಿ ಹಿಂದಿನ ವರ್ಷದ ಲೆಕ್ಕಕ್ಕೇ ಸೇರುತ್ತದೆ.

ಅಸಲು ಹಾಗಲ್ಲ. ಅದು ಸೆಕ್ಷನ್ 80ಸಿ ಅಡಿ ಬರುತ್ತದೆ. ವರ್ಷದೊಳಗೆ ನಿಜವಾಗಿ ಕಟ್ಟಿದ್ದಕ್ಕೆ ಮಾತ್ರ ಕಡಿತ. ಭವಿಷ್ಯನಿಧಿ, ಜೀವವಿಮೆ ಕಂತು, ಮಕ್ಕಳ ಶಾಲಾ ಬೋಧನಾ ಶುಲ್ಕ ಎಲ್ಲವೂ ಸೇರಿ ಒಟ್ಟು ಮಿತಿ 1,50,000 ರೂಪಾಯಿ. ಹಾಗಾಗಿ ಭವಿಷ್ಯನಿಧಿಯಲ್ಲೇ ಮಿತಿ ತುಂಬಿದವರಿಗೆ ಅಸಲಿನಿಂದ ಹೆಚ್ಚಿನ ಲಾಭವಿಲ್ಲ. ಮನೆ ಖರೀದಿಯ ಮುದ್ರಾಂಕ ಮತ್ತು ನೋಂದಣಿ ಶುಲ್ಕವೂ ಕಟ್ಟಿದ ವರ್ಷದಲ್ಲಿ ಇದೇ ಮಿತಿಯೊಳಗೆ ಬರುತ್ತದೆ.

ಸಾಲ ಯಾರಿಂದ ಎಂಬುದೂ ಇಲ್ಲಿ ವ್ಯತ್ಯಾಸ ತರುತ್ತದೆ. ಅಣ್ಣ, ಮಾವ ಅಥವಾ ವ್ಯಾಪಾರದ ಪರಿಚಯದವರಿಂದ ಬಡ್ಡಿಗೆ ಹಣ ತಂದು ಮನೆ ಕಟ್ಟಿದ್ದರೆ ಬಡ್ಡಿಯ ಕಡಿತ ಸಿಗುತ್ತದೆ, ಆದರೆ ಅವರು ಸಹಿ ಮಾಡಿದ ಪ್ರಮಾಣಪತ್ರ ಮತ್ತು ಅವರ ಪ್ಯಾನ್ ಬೇಕು. ಆ ಬಡ್ಡಿಯನ್ನು ಅವರು ತಮ್ಮ ಆದಾಯದಲ್ಲಿ ತೋರಿಸಬೇಕಾಗುತ್ತದೆ. ಅಂಥ ಸಾಲದ ಅಸಲಿಗೆ ಮಾತ್ರ 80ಸಿ ಅನ್ವಯಿಸದು. ಅದಕ್ಕೆ ಬ್ಯಾಂಕ್, ಸಹಕಾರಿ ಬ್ಯಾಂಕ್, ಜೀವವಿಮಾ ನಿಗಮ, ಗೃಹಸಾಲ ಕಂಪನಿಯಂಥ ಕಾಯ್ದೆ ಹೆಸರಿಸಿದ ಸಂಸ್ಥೆಗಳ ಸಾಲವೇ ಆಗಬೇಕು. ಸಹಕಾರಿ ಬ್ಯಾಂಕ್ ಬೇರೆ, ಊರಿನ ಪತ್ತಿನ ಸಹಕಾರ ಸಂಘ ಬೇರೆ. ಸಂಘದಿಂದ ಸಾಲ ತೆಗೆದವರು ಅಸಲನ್ನು ಬರೆಯುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಒಂದು ಉದಾಹರಣೆ ನೋಡಬಹುದು. ಬೆಳಗಾವಿಯಲ್ಲಿ ಸಂಬಳದ ಕೆಲಸದಲ್ಲಿರುವ ದಂಪತಿ. ಇಬ್ಬರ ಹೆಸರಿನಲ್ಲೂ ಸಮಪಾಲಿನ ಫ್ಲ್ಯಾಟ್, ಸಾಲವೂ ಜಂಟಿ, ಕಂತನ್ನೂ ಇಬ್ಬರೂ ಸಮನಾಗಿ ಭರಿಸುತ್ತಾರೆ. 2021ರ ಆಗಸ್ಟ್‌ನಲ್ಲಿ 30 ಲಕ್ಷ ರೂಪಾಯಿ ಸಾಲ ಮಂಜೂರಾಗಿ, ಕಟ್ಟಡ ಏರಿದಂತೆ ಹಂತಹಂತವಾಗಿ ಬಿಡುಗಡೆಯಾಯಿತು. 2024ರ ಜನವರಿಯಲ್ಲಿ ಕಟ್ಟಡ ಪೂರ್ಣಗೊಂಡು ಮನೆ ಕೈಗೆ ಬಂತು. 2024-25ರ ಪ್ರಮಾಣಪತ್ರದಲ್ಲಿ ಬಡ್ಡಿ 2,52,000, ಅಸಲು 60,000 ರೂಪಾಯಿ.

ಇಷ್ಟೇ ಅಲ್ಲ, ಹಳೆಯದೊಂದು ಬಾಕಿ ಇದೆ. ಮನೆ ಕಟ್ಟುತ್ತಿದ್ದಾಗಲೂ ಬ್ಯಾಂಕು ಬಡ್ಡಿ ತೆಗೆದುಕೊಂಡಿದೆ. ಆ ವರ್ಷಗಳ ಪ್ರಮಾಣಪತ್ರ ಕೈಯಲ್ಲಿದ್ದರೂ ಆಗಲೇ ಕಡಿತ ಕೇಳುವಂತಿಲ್ಲ. ಮನೆ ಪೂರ್ಣವಾದ ವರ್ಷಕ್ಕಿಂತ ಹಿಂದಿನ ಮಾರ್ಚ್ 31ರ ವರೆಗಿನ ಬಡ್ಡಿಯನ್ನು ಒಟ್ಟುಗೂಡಿಸಿ, ಪೂರ್ಣವಾದ ವರ್ಷದಿಂದ ಆರಂಭಿಸಿ 5 ಸಮ ಕಂತುಗಳಲ್ಲಿ ಕೇಳಬೇಕು. ಇವರದು 2021ರ ಆಗಸ್ಟ್‌ನಿಂದ 2023ರ ಮಾರ್ಚ್ 31ರ ವರೆಗೆ 1,80,000 ರೂಪಾಯಿ ಆಗಿತ್ತು. ಅಂದರೆ 2023-24ರಿಂದ 2027-28ರ ವರೆಗೆ ವರ್ಷಕ್ಕೆ 36,000. ಈ ಅವಧಿಯಲ್ಲಿ ಕಟ್ಟಿದ ಅಸಲು ಏನಾದರೂ ಇದ್ದರೆ ಅದಕ್ಕೆ ಇಂಥ ಅನುಕೂಲವಿಲ್ಲ, ಅದು ಹೋದಂತೆಯೇ.

ಹಾಗಾಗಿ 2024-25ಕ್ಕೆ ಒಟ್ಟು ಬಡ್ಡಿ 2,88,000 ರೂಪಾಯಿ. ಸಮಪಾಲಾದ್ದರಿಂದ ಒಬ್ಬೊಬ್ಬರಿಗೆ 1,44,000 ಬರುತ್ತದೆ. ಇದು ಹಿಂದಿನ ಕಂತನ್ನೂ ಸೇರಿಸಿದ ಮೊತ್ತ, ಮತ್ತು 2 ಲಕ್ಷದ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ. ಹೀಗಾಗಿ ಪೂರ್ತಿ ಬಡ್ಡಿಗೆ ಕಡಿತ ಸಿಕ್ಕಿತು. ಅಸಲಿನಲ್ಲಿ ತಲಾ 30,000 ಅವರವರ 80ಸಿ ಲೆಕ್ಕಕ್ಕೆ ಹೋಯಿತು. ಇದೇ ಮನೆ, ಇದೇ ಸಾಲ ಗಂಡನೊಬ್ಬನ ಹೆಸರಿನಲ್ಲಿ ಇದ್ದಿದ್ದರೆ 2 ಲಕ್ಷಕ್ಕೆ ನಿಲ್ಲುತ್ತಿತ್ತು. ಉಳಿದ 88,000 ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಆದರೆ ಸಾಲಪತ್ರದಲ್ಲಿ ಹೆಂಡತಿಯ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಆಕೆಗೆ ಕಡಿತವಿಲ್ಲ. ಮಾಲೀಕತ್ವವೂ ಬೇಕು, ಸಾಲದ ಹೊಣೆಯೂ ಬೇಕು. ಜಂಟಿ ಸಾಲಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಇಬ್ಬರ ಹೆಸರಿನ ಒಂದೇ ಪ್ರಮಾಣಪತ್ರ ಕೊಡುತ್ತದೆ, ಪಾಲು ಬರೆಯುವುದಿಲ್ಲ. ಪಾಲಿನ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಂಡರೆ ನಂತರದ ಪ್ರಶ್ನೆಗೆ ಉತ್ತರವಿರುತ್ತದೆ.

ಪ್ರಮಾಣಪತ್ರದಲ್ಲಿ ಎರಡು ಬಗೆ ಇದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಜನವರಿ ಹೊತ್ತಿಗೆ ಕಚೇರಿಯವರು ಕೇಳಿದಾಗ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ. ಮಾರ್ಚ್ ವರೆಗಿನ ಕಂತುಗಳೆಲ್ಲ ಸರಿಯಾಗಿ ಬರುತ್ತವೆ ಎಂದು ಊಹಿಸಿ ಮಾಡಿದ ಲೆಕ್ಕ ಅದು. ನೌಕರರು ಅದನ್ನು ನಮೂನೆ 12ಬಿಬಿ ಜೊತೆ, ಸಾಲ ಕೊಟ್ಟವರ ಹೆಸರು, ವಿಳಾಸ ಮತ್ತು ಪ್ಯಾನ್ ಸಹಿತ ಕೊಡುತ್ತಾರೆ. ಫೆಬ್ರವರಿಯಲ್ಲಿ ಬೋನಸ್ ಹಣವನ್ನು ಸಾಲಕ್ಕೆ ಮುಂಗಡ ಕಟ್ಟಿದರೆ ಅಸಲು ಏರುತ್ತದೆ, ಬಡ್ಡಿ ಸ್ವಲ್ಪ ಇಳಿಯುತ್ತದೆ. ಆದರೆ ಕಚೇರಿಗೆ ಕೊಟ್ಟ ಕಾಗದದಲ್ಲಿ ಅದು ಇರುವುದಿಲ್ಲ. ರಿಟರ್ನ್ ಸಲ್ಲಿಸುವಾಗ ಏಪ್ರಿಲ್ ನಂತರ ಸಿಗುವ ಅಂತಿಮ ಪ್ರಮಾಣಪತ್ರದ ಅಂಕಿಯನ್ನೇ ಬರೆಯಬೇಕು.

ವರ್ಷದ ನಡುವೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದವರಿಗೆ ಎರಡು ಪ್ರಮಾಣಪತ್ರ ಬೇಕು. ಹೊಸ ಬ್ಯಾಂಕು ಹಳೆಯ ಬ್ಯಾಂಕಿಗೆ ತೀರಿಸಿದ ಪೂರ್ತಿ ಸಾಲ ಹಳೆಯದರ ಕಾಗದದಲ್ಲಿ ಅಸಲು ಮರುಪಾವತಿ ಎಂದು ಕಾಣಬಹುದು. ಅದು ಸಾಲಗಾರ ಕೈಯಿಂದ ಕಟ್ಟಿದ್ದಲ್ಲ, ಲೆಕ್ಕಕ್ಕೆ ಸೇರಿಸಬಾರದು.

ಕಾಗದ ಬಂದೊಡನೆ ಸಾಲಗಾರರೆಲ್ಲರ ಹೆಸರು, ಸಾಲದ ಖಾತೆ ಸಂಖ್ಯೆ, ಮನೆಯ ವಿಳಾಸ, ಹಣಕಾಸು ವರ್ಷ, ಬಡ್ಡಿ ಮತ್ತು ಅಸಲು ಬೇರೆಬೇರೆಯಾಗಿ ಇವೆಯೇ ನೋಡಿ, ವರ್ಷದ ಕಂತುಗಳನ್ನು ಪಾಸ್‌ಬುಕ್ಕಿನಲ್ಲಿ ಕೂಡಿ ತಾಳೆ ಹಾಕಬೇಕು. ರಿಟರ್ನ್ ಜೊತೆ ಇದನ್ನು ಲಗತ್ತಿಸುವುದಿಲ್ಲ. ಆದರೆ 2024-25ರ ರಿಟರ್ನ್‌ನಿಂದ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಸಾಲದ ಮೊತ್ತ ಮತ್ತು ಮಾರ್ಚ್ 31ರ ಬಾಕಿಯನ್ನು ತುಂಬಬೇಕಾಗಿದೆ. ನೋಟಿಸ್ ಬಂದರೆ ಮೂಲ ಕಾಗದವನ್ನೇ ತೋರಿಸಬೇಕು. ನಿರ್ಮಾಣ ಕಾಲದ ಪ್ರಮಾಣಪತ್ರಗಳನ್ನಂತೂ ಐದನೆಯ ಕಂತು ಮುಗಿದ ಮೇಲೂ ಕೆಲವು ವರ್ಷ ಕಾಪಾಡಿಕೊಳ್ಳಬೇಕು, ಏಕೆಂದರೆ ಹಳೆಯ ವರ್ಷಗಳದ್ದನ್ನು ಶಾಖೆಯಿಂದ ಮತ್ತೆ ತೆಗೆಸುವುದು ಸುಲಭದ ಕೆಲಸವಲ್ಲ.

ಇನ್ನೊಂದು ಷರತ್ತು ಮನೆ ಮಾರುವವರಿಗೆ. ಸ್ವಾಧೀನ ಪಡೆದ ಹಣಕಾಸು ವರ್ಷದ ಕೊನೆಯಿಂದ 5 ವರ್ಷದೊಳಗೆ ಮಾರಿದರೆ, ಅಲ್ಲಿಯವರೆಗೆ 80ಸಿ ಅಡಿ ಪಡೆದ ಅಸಲಿನ ಕಡಿತವೆಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತದೆ. ಮೇಲಿನ ದಂಪತಿಗೆ ಆ ಗಡುವು 2029ರ ಮಾರ್ಚ್ 31. ಬಡ್ಡಿಗೆ ಪಡೆದ ಕಡಿತಕ್ಕೆ ಈ ಷರತ್ತು ತಾಗುವುದಿಲ್ಲ.