ಹಟ್ಟಿಯ ನೊಣ, ಸೊಳ್ಳೆ: ಔಷಧಿಗಿಂತ ಮೊದಲು ನೋಡಬೇಕಾದ್ದು ತಿಪ್ಪೆ ಮತ್ತು ಗೋದಲಿ

2022ರ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಕಾಣಿಸಿಕೊಂಡ ಚರ್ಮಗಂಟು ರೋಗ ಕೆಲವೇ ವಾರಗಳಲ್ಲಿ ರಾಜ್ಯದ ತುಂಬಾ ಹರಡಿತು. ಸೆಪ್ಟೆಂಬರ್‌ನಲ್ಲಿ ಸರಕಾರ ಇಡೀ ರಾಜ್ಯವನ್ನು ನಿಯಂತ್ರಿತ ಪ್ರದೇಶವೆಂದು ಘೋಷಿಸಿ, ದನಗಳ ಸಾಗಾಟ ಮತ್ತು ಸಂತೆಗಳಿಗೆ ತಡೆ ಹಾಕಿತು. ಸೊಲ್ಲಾಪುರದ ಕಡೆ ಖಿಲಾರಿ ಎತ್ತು, ಪಂಢರಪುರಿ ಎಮ್ಮೆ ಸಾಕುವವರಿಗೆ ಆಗ ಪಶುವೈದ್ಯರು ಹೇಳಿದ್ದು ಎರಡು ಮಾತು. ಒಂದು, ಲಸಿಕೆ ಹಾಕಿಸಿ. ಎರಡು, ಹಟ್ಟಿಯಲ್ಲಿ ನೊಣ, ಸೊಳ್ಳೆ, ಉಣ್ಣೆಗಳನ್ನು ಕಡಿಮೆ ಮಾಡಿ. ಈ ರೋಗದ ವೈರಸ್ ಒಂದು ದನದಿಂದ ಇನ್ನೊಂದು ದನಕ್ಕೆ ದಾಟುವುದು ಮುಖ್ಯವಾಗಿ ರಕ್ತ ಹೀರುವ ಕೀಟಗಳ ಬಾಯಿಯ ಮೂಲಕ.

ಲಸಿಕೆಯ ಕೆಲಸ ಒಂದು ದಿನದಲ್ಲಿ ಮುಗಿಯಿತು. ಎರಡನೆಯದು ಮಾತ್ರ ಇವತ್ತಿಗೂ ಸರಿಯಾಗಿ ಆಗುವುದಿಲ್ಲ. ಅಕ್ಕಲಕೋಟೆ ತಾಲೂಕಿನ ಹಳ್ಳಿಯಾಗಲಿ, ನಮ್ಮ ಕರಾವಳಿಯ ಮನೆಯಾಗಲಿ, ನೊಣ ಹೆಚ್ಚಾದ ಕೂಡಲೇ ಜನ ಓಡುವುದು ಔಷಧಿ ಅಂಗಡಿಗೆ. ಸಿಂಪಡಿಸಿದ ದಿನ ನೊಣ ಸಾಯುತ್ತವೆ, ನಾಲ್ಕು ದಿನ ಕಳೆದರೆ ಮತ್ತೆ ಅಷ್ಟೇ. ಕಾರಣ ಸರಳ. ಹಾರುವ ನೊಣಗಳು ಕಣ್ಣಿಗೆ ಕಾಣುತ್ತವೆ, ಆದರೆ ಅವುಗಳಿಗಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆ, ಹುಳ, ಕೋಶಗಳ ರೂಪದಲ್ಲಿ ಸೆಗಣಿಯ ಒಳಗೆ ಇರುತ್ತವೆ. ಅಲ್ಲಿಗೆ ಸಿಂಪಡಣೆ ತಲುಪುವುದಿಲ್ಲ.

ಯಾವ ನೊಣ ಎಂದು ಮೊದಲು ನೋಡಿ

ಹಟ್ಟಿಯಲ್ಲಿ ಮುಖ್ಯವಾಗಿ ಎರಡು ಜಾತಿಯ ನೊಣ ಇರುತ್ತವೆ. ದೂರದಿಂದ ಎರಡೂ ಒಂದೇ ತರಹ. ಮನೆನೊಣ ಕಚ್ಚುವುದಿಲ್ಲ, ದನದ ಕಣ್ಣು, ಮೂಗು, ಗಾಯ, ಹಾಲಿನ ಪಾತ್ರೆಯ ಮೇಲೆ ಕೂರುತ್ತದೆ. ಇನ್ನೊಂದು ಕಚ್ಚುವ ನೊಣ, ಹಟ್ಟಿ ನೊಣ ಅನ್ನಬಹುದು. ಅದರ ತಲೆಯ ಮುಂದೆ ಸೂಜಿಯಂತೆ ಚಾಚಿದ ಕೊಂಡಿ ಇರುತ್ತದೆ. ಅದು ಕೂರುವುದು ದನದ ಕಾಲಿನ ಮೇಲೆ, ಹೊಟ್ಟೆಯ ಕೆಳಗೆ, ಸಾಮಾನ್ಯವಾಗಿ ತಲೆ ಮೇಲೆ ಮಾಡಿಕೊಂಡು. ರೋಗದ ವಿಷಯದಲ್ಲಿ ಹೆಚ್ಚು ಅಪಾಯ ಇದರಿಂದಲೇ. ಚರ್ಮಗಂಟು ರೋಗ ಮಾತ್ರವಲ್ಲ, ಸರ್ರಾ ರೋಗವನ್ನು ಹರಡುವುದರಲ್ಲೂ ಇದರ ಪಾಲು ಇದೆ.

ಗುರುತು ಹಿಡಿಯಲು ದನವನ್ನೇ ನೋಡಿದರೆ ಸಾಕು. ನಿಂತಲ್ಲೇ ಕಾಲು ಬಡಿಯುತ್ತಾ ಇದ್ದರೆ, ತಲೆ ಹಿಂದಕ್ಕೆ ತಿರುಗಿಸಿ ಮುಂಗಾಲಿನ ಕಡೆ ಬೀಸುತ್ತಿದ್ದರೆ, ಮೇವು ಬಿಟ್ಟು ಒಂದಕ್ಕೊಂದು ಒತ್ತಿಕೊಂಡು ನಿಂತರೆ ಅದು ಕಚ್ಚುವ ನೊಣದ ಕೆಲಸ. ಬೆಳಗ್ಗೆ ಅಥವಾ ಸಂಜೆ ನಾಲ್ಕರ ಹೊತ್ತಿಗೆ ಒಂದು ದನದ ನಾಲ್ಕೂ ಕಾಲಿನ ಮೇಲಿನ ನೊಣ ಎಣಿಸಿ ನೋಡಬೇಕು. ಹತ್ತಕ್ಕಿಂತ ಹೆಚ್ಚಿದ್ದರೆ ಹಾಲಿಗೆ ಪೆಟ್ಟು ಬೀಳುವ ಮಟ್ಟಕ್ಕೆ ಬಂದಿದೆ ಎಂದರ್ಥ. ಈ ಲೆಕ್ಕವನ್ನು ವಾರಕ್ಕೊಮ್ಮೆ ಗೋಡೆಯ ಮೇಲೆ ಬರೆದಿಟ್ಟರೆ, ಮಾಡಿದ ಕೆಲಸ ಫಲ ಕೊಟ್ಟಿದೆಯಾ ಇಲ್ಲವಾ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಹುಟ್ಟುವ ಜಾಗ

ಒಂದು ಮಾದರಿ ಹಟ್ಟಿ ತೆಗೆದುಕೊಳ್ಳೋಣ: ಅಕ್ಕಲಕೋಟೆ ಕಡೆಯದ್ದು, ಎರಡು ಎತ್ತು, ಒಂದು ಹಸು, ಒಂದು ಎಮ್ಮೆ. ಮೇವು ಎಂದರೆ ಜೋಳದ ಕಣಿಕೆ, ಮರಾಠಿಯಲ್ಲಿ ಕಡಬಾ. ಜೊತೆಗೆ ಕಬ್ಬಿನ ಸೋಗೆ. ದನ ಗಟ್ಟಿ ದಂಟನ್ನು ತಿನ್ನದೆ ಎಳೆದು ಕಾಲ ಕೆಳಗೆ ಬೀಳಿಸುತ್ತದೆ. ಅದರ ಮೇಲೆ ಗಂಜಲ ಬೀಳುತ್ತದೆ, ಸೆಗಣಿ ಸೇರುತ್ತದೆ, ಗೋದಲಿಯ ಬುಡದಲ್ಲಿ ತುಳಿದು ತುಳಿದು ಒಂದು ಕಪ್ಪು ಪದರ ಆಗುತ್ತದೆ. ಕಚ್ಚುವ ನೊಣ ಮೊಟ್ಟೆ ಇಡುವುದು ಇಲ್ಲೇ. ಅದಕ್ಕೆ ಬರೀ ತಾಜಾ ಸೆಗಣಿಗಿಂತ ಕೊಳೆತ ಮೇವು ಬೆರೆತ ಒದ್ದೆ ಸೆಗಣಿ ಇಷ್ಟ. ದಕ್ಷಿಣ ಕನ್ನಡದಲ್ಲಿ ಸೊಪ್ಪು ಹಾಸಿ ವಾರಗಟ್ಟಲೆ ಬಿಡುವ ಹಟ್ಟಿಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಗೊಬ್ಬರಕ್ಕೆ ಒಳ್ಳೆಯದೇ, ನೊಣಕ್ಕೂ ಅಷ್ಟೇ ಒಳ್ಳೆಯದು.

ಬಿಸಿ ದಿನಗಳಲ್ಲಿ ಮನೆನೊಣ ಮೊಟ್ಟೆಯಿಂದ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಕಚ್ಚುವ ನೊಣಕ್ಕೆ ಸುಮಾರು ಎರಡರಿಂದ ಮೂರು ವಾರ. ಅಂದರೆ ವಾರಕ್ಕೆ ಒಮ್ಮೆಯಾದರೂ ಹಟ್ಟಿಯ ಮೂಲೆ ಮೂಲೆ ಕೆರೆದು ತೆಗೆದರೆ, ಹುಳ ನೊಣವಾಗುವ ಮೊದಲೇ ಅದರ ಮನೆ ಹೋಗುತ್ತದೆ. ದಿನಾ ಸೆಗಣಿ ಎತ್ತುವವರೂ ತಪ್ಪುವುದು ಈ ಮೂಲೆಗಳಲ್ಲಿ: ಗೋದಲಿಯ ಬುಡ, ಗೂಟದ ಸುತ್ತ, ಗೋಡೆ ಮತ್ತು ನೆಲ ಸೇರುವ ಗೆರೆ, ನೀರಿನ ತೊಟ್ಟಿಯ ಕೆಳಗಿನ ಕೆಸರು. ಅನುಮಾನ ಇದ್ದರೆ ಅಲ್ಲಿ ಎರಡು ಬೆರಳು ಆಳ ಕೆದಕಿ ನೋಡಿ. ಬಿಳಿ ಹುಳ ಅಥವಾ ಅಕ್ಕಿ ಕಾಳಿಗಿಂತ ದಪ್ಪಗಿನ ಕಂದು ಕೋಶ ಸಿಕ್ಕಿದರೆ ಜಾಗ ಸಿಕ್ಕಿತು ಎಂದೇ ಲೆಕ್ಕ. ಕಣಿಕೆಯನ್ನು ಕತ್ತರಿಸಿ ಹಾಕಿದರೆ ಕಾಲಡಿಗೆ ಬೀಳುವ ಭಾಗವೇ ಕಡಿಮೆಯಾಗುತ್ತದೆ. ಮೇವು ಉಳಿತಾಯ ಬೇರೆ.

ಎತ್ತಿದ ಸೆಗಣಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಮುಂದಿನ ಪ್ರಶ್ನೆ. ನಾಲ್ಕು ದನಗಳಿಂದ ದಿನಕ್ಕೆ ಸುಮಾರು 60 ಕಿಲೋ ಎಂದಿಟ್ಟುಕೊಂಡರೆ ವಾರಕ್ಕೆ 400 ಕಿಲೋ ದಾಟುತ್ತದೆ. ಇದನ್ನು ಹಟ್ಟಿಯ ಬಾಗಿಲಲ್ಲೇ ತೆಳ್ಳಗೆ ಹರಡಿ ರಾಶಿ ಹಾಕುವುದು ದೊಡ್ಡ ತಪ್ಪು. ತಿಪ್ಪೆ ದೂರ ಇರಬೇಕು, ಒತ್ತಾಗಿ ಎತ್ತರಕ್ಕೆ ಕಟ್ಟಿರಬೇಕು, ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಒತ್ತಿರಬೇಕು. ಒತ್ತಾದ ರಾಶಿಯ ಒಳಗೆ ಕಾವು ಏರುತ್ತದೆ, 50 ಡಿಗ್ರಿ ಮುಟ್ಟಿದರೆ ಹುಳ ಬದುಕುವುದಿಲ್ಲ. ಆದರೆ ಹುಳಗಳು ಬಿಸಿ ತಾಳದೆ ತಣ್ಣಗಿನ ಹೊರ ಅಂಚಿಗೆ ಸರಿಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ಹೊರಗಿನ ಭಾಗವನ್ನು ಒಳಗೆ ಹಾಕಿ ತಿರುವಿ, ಮತ್ತೆ ಮುಚ್ಚಬೇಕು. ತಿರುವದ ತಿಪ್ಪೆ ಅರ್ಧ ಕೆಲಸ ಮಾತ್ರ. ಗೋಬರ್ ಗ್ಯಾಸ್ ಇರುವವರು ದಿನದ ಸೆಗಣಿಯನ್ನು ಅಂದೇ ಒಳಗೆ ಹಾಕಿದರೆ ಈ ತಲೆನೋವು ಬಹುಪಾಲು ಇಲ್ಲ.

ಕೆಲವರು ಸೆಗಣಿ ರಾಶಿಯ ಮೇಲೆ ಸುಣ್ಣ ಎರಚುತ್ತಾರೆ. ಅದರಿಂದ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಸುಣ್ಣ ಹಾಕುವುದಾದರೆ ಸೆಗಣಿ ತೆಗೆದು ಒಣಗಿಸಿದ ನೆಲಕ್ಕೆ ಹಾಕುವುದು ಒಳ್ಳೆಯದು. ಬ್ಲೀಚಿಂಗ್ ಪುಡಿಯನ್ನು ಗಂಜಲ ನಿಂತಿರುವ ನೆಲಕ್ಕೆ ಹಾಕಲೇಬಾರದು. ಗಂಜಲದ ಅಮೋನಿಯಾ ಜೊತೆ ಸೇರಿ ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ.

ಸೊಳ್ಳೆಯ ವಾರದ ಲೆಕ್ಕ

ಸೊಲ್ಲಾಪುರದಂಥ ಕಡಿಮೆ ಮಳೆಯ ಊರಲ್ಲಿ ಸೊಳ್ಳೆಗೆ ಕೆರೆ ಬೇಕಾಗಿಲ್ಲ, ನೀರು ಹಿಡಿದಿಡುವ ತೊಟ್ಟಿ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಹಿಡಿಯುತ್ತದೆ. ಹಾಗಾಗಿ ದನ ಕುಡಿಯುವ ತೊಟ್ಟಿಯನ್ನು ವಾರದಲ್ಲಿ ಒಂದು ದಿನ ಪೂರ್ತಿ ಖಾಲಿ ಮಾಡಬೇಕು. ಖಾಲಿ ಮಾಡಿದರೆ ಸಾಲದು, ಒಳಗಿನ ಗೋಡೆಯನ್ನು ಬ್ರಷ್‌ನಿಂದ ತಿಕ್ಕಬೇಕು. ಏಡಿಸ್ ಸೊಳ್ಳೆಯ ಮೊಟ್ಟೆ ನೀರಿನ ಗೆರೆಯ ಮೇಲೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ತುಂಬಿದ ದಿನ ಒಡೆಯುತ್ತದೆ. ಖಾಲಿ ಮಾಡಲಾಗದ ದೊಡ್ಡ ಟಾಕಿ ಇದ್ದರೆ ಗಪ್ಪಿ ಮೀನು ಬಿಡಬಹುದು.

ಗಂಜಲದ ಗುಂಡಿಯಲ್ಲಿ ಹುಟ್ಟುವುದು ಬೇರೆ ಜಾತಿ, ಕೊಳಕು ನೀರಿನ ಕ್ಯೂಲೆಕ್ಸ್. ಅಲ್ಲಿ ತೊಳೆಯುವ ಪ್ರಶ್ನೆಯಿಲ್ಲ. ಗುಂಡಿಗೆ ಮುಚ್ಚಳ ಬೇಕು, ಇಲ್ಲದಿದ್ದರೆ ವಾರಕ್ಕೊಮ್ಮೆ ಮೇಲೆ ತೆಳ್ಳಗೆ ಎಣ್ಣೆ ಹರಡಬೇಕು. ಆದರೆ ಆ ಗಂಜಲವನ್ನು ಹೊಲಕ್ಕೆ ಬಳಸುವವರು ಎಣ್ಣೆ ಹಾಕದೆ ಮುಚ್ಚಳವನ್ನೇ ಮಾಡಿಸಬೇಕು.

ಬಲೆ ಎಲ್ಲಿ ಕಟ್ಟಬೇಕು

ಬೆಲ್ಲದ ನೀರಿನ ಬಾಟಲಿ ಬಲೆ ಎಲ್ಲರಿಗೂ ಗೊತ್ತು. ಎರಡು ಲೀಟರ್ ಬಾಟಲಿಯ ಮೇಲಿನ ಭಾಗ ಕತ್ತರಿಸಿ, ಬಾಯಿ ಕೆಳಗಾಗುವಂತೆ ಅದರಲ್ಲೇ ಇಟ್ಟು, ಒಳಗೆ ಬೆಲ್ಲದ ನೀರು ಮತ್ತು ಸ್ವಲ್ಪ ಮೀನಿನ ತ್ಯಾಜ್ಯ ಹಾಕಿದರೆ ಮನೆನೊಣ ರಾಶಿ ಬೀಳುತ್ತದೆ. ಇದನ್ನು ಹಟ್ಟಿಯ ಒಳಗೆ ಕಟ್ಟಿದರೆ ಹೊರಗಿನ ನೊಣಗಳನ್ನೂ ಕರೆದಂತೆ. ಹಟ್ಟಿಯಿಂದ ಹತ್ತು ಹೆಜ್ಜೆಯಾದರೂ ಆಚೆ ಇರಲಿ.

ಬಾಟಲಿ ತುಂಬಿದರೂ ದನ ಕಾಲು ಬಡಿಯುವುದು ನಿಲ್ಲಲಿಲ್ಲ ಎಂದು ಹಲವರು ದೂರುತ್ತಾರೆ. ನಿಲ್ಲುವುದಿಲ್ಲ, ಯಾಕೆಂದರೆ ರಕ್ತ ಕುಡಿಯುವ ನೊಣ ಬೆಲ್ಲದ ವಾಸನೆಗೆ ಓಡಿ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಅಂಟು ಹಲಗೆ. ಹೊಟ್ಟೆ ತುಂಬಿದ ಮೇಲೆ ಅದು ಬಿಸಿಲು ಬೀಳುವ ತಿಳಿ ಬಣ್ಣದ ಮೈ ಮೇಲೆ ಕೂತು ಜೀರ್ಣ ಮಾಡಿಕೊಳ್ಳುತ್ತದೆ. ಒಂದು ಬಿಳಿ ಪ್ಲಾಸ್ಟಿಕ್ ಹಲಗೆಗೆ ಹರಳೆಣ್ಣೆ ಅಥವಾ ಗ್ರೀಸ್ ದಪ್ಪಗೆ ಹಚ್ಚಿ, ಹಟ್ಟಿಯ ಹೊರಗೆ ಬಿಸಿಲಲ್ಲಿ, ನೆಲದಿಂದ ಮೊಣಕಾಲಿನಿಂದ ಸೊಂಟದ ಎತ್ತರದೊಳಗೆ ನಿಲ್ಲಿಸಬೇಕು. ತಲೆಗಿಂತ ಮೇಲೆ ಕಟ್ಟಿದರೆ ದಂಡ, ಈ ನೊಣ ತಗ್ಗಿನಲ್ಲೇ ಹಾರುತ್ತದೆ. ಧೂಳು ಕೂತರೆ ಅಂಟು ಹೋಗುತ್ತದೆ, ಎರಡು ದಿನಕ್ಕೊಮ್ಮೆ ಕೆರೆದು ಹೊಸದಾಗಿ ಹಚ್ಚಬೇಕು. ದನ ನೆಕ್ಕದ ದೂರದಲ್ಲಿ ಇರಲಿ.

ಬೇವಿನ ಹೊಗೆ ಹಾಕುವುದು ಹಳೆಯ ರೂಢಿ. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರ ಹೋಗುತ್ತದೆ, ಅಷ್ಟೇ. ಮುಚ್ಚಿದ ಹಟ್ಟಿಯಲ್ಲಿ ಕರುವಿಗೆ ಕೆಮ್ಮು ಬರುತ್ತದೆ, ಪಕ್ಕದಲ್ಲಿ ಕಣಿಕೆ ಬಣವೆ ಇದ್ದರೆ ಬೆಂಕಿಯ ಭಯವೂ ಇದೆ.

ಸಿಂಪಡಣೆ ಕೊನೆಗೆ

ಮೊದಲು ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯಲು ಒಂದೆರಡು ಮಿಲಿ ದ್ರವ ಸೋಪು. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ, ಮೊದಲ ದನಕ್ಕೆ ಬರೀ ನೀರು, ಕೊನೆಯದಕ್ಕೆ ಬರೀ ಎಣ್ಣೆ ಆಗುತ್ತದೆ. ಕಾಲು ಮತ್ತು ಹೊಟ್ಟೆಯ ಕೆಳಭಾಗ ಚೆನ್ನಾಗಿ ಒದ್ದೆಯಾಗಬೇಕು. ಬೆನ್ನಿಗೆ ಮಾತ್ರ ಹೊಡೆದು ಬಿಡುವವರೇ ಹೆಚ್ಚು. ಇದು ನೊಣವನ್ನು ಕೊಲ್ಲುವುದಿಲ್ಲ, ಕೆಲವು ಗಂಟೆ ದೂರ ಇಡುತ್ತದೆ. ಹಾಗಾಗಿ ದಿನಾ ಸಂಜೆ ಮಾಡಬೇಕಾಗುತ್ತದೆ.

ಅದು ಸಾಲದಿದ್ದರೆ ಪಶುವೈದ್ಯರನ್ನು ಕೇಳಿ ದನಗಳಿಗೆಂದೇ ತಯಾರಾದ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ತರಬಹುದು. ಅಳತೆ ಬಾಟಲಿಯ ಚೀಟಿಯಲ್ಲಿ ಇರುವಷ್ಟೇ. ಒಂದೇ ಹೆಸರಿನ ಔಷಧಿ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ, ನೆರೆಮನೆಯವರ ಮುಚ್ಚಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಲು ಎಷ್ಟು ದಿನ ಬಿಡಬೇಕು ಎನ್ನುವುದನ್ನೂ ಚೀಟಿಯಲ್ಲೇ ನೋಡಬೇಕು. ಕಚ್ಚುವ ನೊಣ ದಿನದಲ್ಲಿ ಒಂದೆರಡು ಸಲ ಮಾತ್ರ ದನದ ಮೇಲೆ ಬಂದು, ಉಳಿದ ಹೊತ್ತು ಗೋಡೆ, ಕಂಬ, ಬೇಲಿಯ ಮೇಲೆ ಕೂರುವುದರಿಂದ ಅಲ್ಲಿಗೆ ಹೊಡೆದರೇ ಹೆಚ್ಚು ಲಾಭ. ಗೋದಲಿ, ನೀರಿನ ತೊಟ್ಟಿ, ಮೇವಿಗೆ ತಾಗಬಾರದು. ಗಪ್ಪಿ ಬಿಟ್ಟ ಟಾಕಿಗೆ ಒಂದು ಹನಿ ಬಿದ್ದರೂ ಮೀನು ಸಾಯುತ್ತದೆ, ಬೆಕ್ಕಿಗೂ ಇದು ವಿಷ.

ಹತ್ತಿ, ತೊಗರಿಗೆ ಹೊಡೆದು ಉಳಿದ ಕೀಟನಾಶಕವನ್ನು ದನದ ಮೈಗೆ ಹಚ್ಚುವ ಅಭ್ಯಾಸ ಕೆಲವೆಡೆ ಇದೆ. ಇದರಲ್ಲಿ ದನಗಳು ಸತ್ತೇ ಹೋಗಬಹುದು. ಸಿಂಪಡಿಸಿದ ನಂತರ ಬಾಯಲ್ಲಿ ಜೊಲ್ಲು, ಮೈ ನಡುಕ, ಉಸಿರಾಟದ ತೊಂದರೆ ಕಂಡರೆ ಕೂಡಲೇ ಸೋಪು ನೀರಿನಿಂದ ಮೈ ತೊಳೆದು, ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರನ್ನು ಕರೆಸಬೇಕು. ಯಾವ ವಿಷ ಎಂದು ಗೊತ್ತಾದರೆ ಮಾತ್ರ ಸರಿಯಾದ ಮದ್ದು ಕೊಡಲು ಸಾಧ್ಯ.

ಮೇಲೆ ಹೇಳಿದ ನಾಲ್ಕು ದನಗಳ ಹಟ್ಟಿಯಲ್ಲಿ ಇಂದು ಗೋದಲಿಯ ಬುಡ ಕೆರೆದು, ತಿಪ್ಪೆ ಮುಚ್ಚಿದರೆ ನಾಳೆಯೇ ನೊಣ ಕಡಿಮೆಯಾಗುವುದಿಲ್ಲ. ಈಗಾಗಲೇ ಹಾರುತ್ತಿರುವವು ಎರಡು ಮೂರು ವಾರ ಬದುಕುತ್ತವೆ. ಕಾಲಿನ ಮೇಲಿನ ಲೆಕ್ಕ ಇಳಿಯುವುದು ಮೂರನೇ ವಾರದ ಹೊತ್ತಿಗೆ. ನಾಲ್ಕನೇ ವಾರಕ್ಕೂ ಇಳಿಯದಿದ್ದರೆ ಎರಡೇ ಕಾರಣ: ಹಟ್ಟಿಯಲ್ಲಿ ಕಣ್ಣಿಗೆ ಬೀಳದ ಒಂದು ಒದ್ದೆ ಮೂಲೆ ಉಳಿದಿದೆ, ಇಲ್ಲವೇ ಅಕ್ಕಪಕ್ಕದವರ ತಿಪ್ಪೆ ತೆರೆದಿದೆ. ಕಚ್ಚುವ ನೊಣ ಕಿಲೋಮೀಟರ್‌ಗಟ್ಟಲೆ ಹಾರಬಲ್ಲದು, ಹಾಗಾಗಿ ಎರಡನೆಯದಕ್ಕೆ ನೆರೆಯವರ ಬಳಿ ಹೋಗಿ ಮಾತಾಡುವುದೊಂದೇ ದಾರಿ.