ಲಂಟಾನ ಅಧ್ಯಯನಗಳ ಸಣ್ಣ ಮೆಟಾ-ವಿಶ್ಲೇಷಣೆ: ಪರಿಣಾಮಗಳ ಕ್ರೋಡೀಕರಣ ಮತ್ತು ಭಿನ್ನತೆಯ ಓದು

ಒಂದೇ ಪ್ರಶ್ನೆಯ ಮೇಲೆ ಬೇರೆಬೇರೆಯಾಗಿ ನಡೆದ ಅಧ್ಯಯನಗಳ ಫಲಿತಾಂಶಗಳನ್ನು ಒಂದೇ ಅಳತೆಗೆ ತಂದು, ಅವುಗಳ ನಿಖರತೆಗೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯುವ ಸಂಖ್ಯಾಶಾಸ್ತ್ರೀಯ ಕ್ರಮಕ್ಕೆ ಮೆಟಾ-ವಿಶ್ಲೇಷಣೆ ಎಂದು ಹೆಸರು. ಚಾಮರಾಜನಗರ ಜಿಲ್ಲೆಯ ಕಾಡುಗಳಲ್ಲಿ ಇದಕ್ಕೆ ಒಪ್ಪುವ ಪ್ರಶ್ನೆಯೆಂದರೆ ಲಂಟಾನದ್ದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯ ಮೇಲಿರುವ, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮದ್ದೂರು ವಲಯದಿಂದ ಪೂರ್ವದ ಬಿಳಿಗಿರಿರಂಗನ ಬೆಟ್ಟದವರೆಗೂ ಈ ಪೊದೆ ವ್ಯಾಪಿಸಿದೆ. ಬೆಟ್ಟದಲ್ಲಿ 1997 ಮತ್ತು 2008ರಲ್ಲಿ ಅವೇ ತಾಕುಗಳನ್ನು ಎರಡು ಬಾರಿ ಸಮೀಕ್ಷಿಸಿದ ಅಧ್ಯಯನವು ಈ ಅವಧಿಯಲ್ಲಿ ಅದರ ಹರಡುವಿಕೆ ಹೆಚ್ಚೂಕಡಿಮೆ ಇಮ್ಮಡಿಯಾದುದನ್ನು ದಾಖಲಿಸಿದೆ. ದಟ್ಟ ಲಂಟಾನದ ಕೆಳಗೆ ಸ್ಥಳೀಯ ಮರಗಳ ಸಸಿಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದನ್ನು ಸ್ನಾತಕೋತ್ತರ ಪ್ರಬಂಧವೊಂದು ಕ್ರೋಡೀಕರಿಸಲು ಹೊರಟರೆ, ಸಾಮಾನ್ಯವಾಗಿ ಅದರ ಕೈಗೆ ಸಿಗುವುದು ಬೆರಳೆಣಿಕೆಯ ಅಧ್ಯಯನಗಳು.

ಮೊದಲ ಹೆಜ್ಜೆ ಪ್ರತಿ ಅಧ್ಯಯನದಿಂದ ಒಂದು ಪರಿಣಾಮದ ಗಾತ್ರವನ್ನು ಪಡೆಯುವುದು. ದಟ್ಟ ಲಂಟಾನವಿರುವ ತಾಕುಗಳ ಸರಾಸರಿ ಸಸಿ ಸಂಖ್ಯೆಯನ್ನು ಲಂಟಾನ ವಿರಳವಾಗಿರುವ ತಾಕುಗಳ ಸರಾಸರಿಯಿಂದ ಭಾಗಿಸಿ, ಆ ಅನುಪಾತದ ಸಹಜ ಲಾಗರಿದಮ್ ತೆಗೆದರೆ, ತಾಕಿನ ಅಳತೆ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆಯಾಗಿದ್ದರೂ ಹೋಲಿಸಬಹುದಾದ ಸಂಖ್ಯೆ ದೊರೆಯುತ್ತದೆ. ಸೊನ್ನೆ ಎಂದರೆ ವ್ಯತ್ಯಾಸವಿಲ್ಲ, ಋಣ ಸಂಖ್ಯೆ ಎಂದರೆ ಲಂಟಾನದಡಿ ಸಸಿ ಕಡಿಮೆ. ಇದರೊಂದಿಗೆ ಆ ಅಂದಾಜಿನ ಅನಿಶ್ಚಿತತೆಯನ್ನು ಹೇಳುವ ವೇರಿಯನ್ಸ್ ಕೂಡ ಬೇಕು.

ವಿವರಣೆಗಾಗಿ ಕಲ್ಪಿಸಿಕೊಂಡ ಐದು ಅಧ್ಯಯನಗಳ ಪರಿಣಾಮಗಳು ಕ್ರಮವಾಗಿ -0.60, -0.10, -0.80, 0.10, -0.40 ಎಂದೂ, ವೇರಿಯನ್ಸ್‌ಗಳು 0.04, 0.04, 0.05, 0.05, 0.10 ಎಂದೂ ಇಟ್ಟುಕೊಳ್ಳಬಹುದು. ಎಲ್ಲ ಕಾಡುಗಳಲ್ಲೂ ನಿಜವಾದ ಪರಿಣಾಮ ಒಂದೇ ಎಂದು ಭಾವಿಸುವ ಸ್ಥಿರ ಮಾದರಿಯಲ್ಲಿ ಪ್ರತಿ ಅಧ್ಯಯನದ ತೂಕವು ಅದರ ವೇರಿಯನ್ಸ್‌ನ ವಿಲೋಮವಾಗಿದ್ದು, ಸರಾಸರಿ -0.355 ಬರುತ್ತದೆ. ಆದರೆ ಮದ್ದೂರಿನ ಒಣ ಎಲೆಯುದುರುವ ಕಾಡಿಗೂ ಬೆಟ್ಟದ ತೇವದ ಕಾಡಿಗೂ ಒಂದೇ ಪರಿಣಾಮವನ್ನು ಊಹಿಸಲು ಆಧಾರವಿಲ್ಲದ ಕಾರಣ ಯಾದೃಚ್ಛಿಕ ಮಾದರಿಯೇ ಇಲ್ಲಿ ಯೋಗ್ಯ. ಅದು ಕಾಡಿನಿಂದ ಕಾಡಿಗೆ ನಿಜ ಪರಿಣಾಮವೇ ಬದಲಾಗುವ ಪ್ರಮಾಣವನ್ನು τ² ಎಂದು ಅಂದಾಜಿಸಿ, ಪ್ರತಿ ವೇರಿಯನ್ಸ್‌ಗೂ ಸೇರಿಸಿ ತೂಕವನ್ನು ಮತ್ತೆ ಲೆಕ್ಕ ಹಾಕುತ್ತದೆ. ಪರಿಣಾಮಗಳನ್ನು yi ಎಂದೂ ವೇರಿಯನ್ಸ್‌ಗಳನ್ನು vi ಎಂದೂ ಇಟ್ಟರೆ, R ತಂತ್ರಾಂಶದ metafor ಪೊಟ್ಟಣದಲ್ಲಿ ಇದಕ್ಕೆ ಒಂದು ಸಾಲು ಸಾಕು:

```
rma(yi, vi, method="DL", test="knha")
```

ಇಲ್ಲಿ τ² ಸುಮಾರು 0.092, ಸರಾಸರಿ -0.358, ಲಾಗರಿದಮ್ ಬಿಡಿಸಿದರೆ 0.70, ಅಂದರೆ ಸಸಿಗಳು ಸುಮಾರು ಶೇ. 30ರಷ್ಟು ಕಡಿಮೆ. ಸಾಮಾನ್ಯ ಸೂತ್ರದಿಂದ ಲೆಕ್ಕ ಹಾಕಿದರೆ ಇದರ ಶೇ. 95ರ ವಿಶ್ವಾಸ ವ್ಯಾಪ್ತಿ -0.69ರಿಂದ -0.02ರವರೆಗೆ ಹೋಗಿ ಸೊನ್ನೆಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಳ್ಳುತ್ತದೆ. ಆ ಸೂತ್ರ τ² ನಿಖರವಾಗಿ ಗೊತ್ತಿದೆ ಎಂದೇ ನಡೆದುಕೊಳ್ಳುತ್ತದೆ, ಐದು ಅಧ್ಯಯನಗಳಿಂದ ಅದು ಗೊತ್ತಾಗುವುದಿಲ್ಲ. ಮೇಲಿನ ಸಾಲಿನ knha ಸೂಚಿಸುವ ಹಾರ್ಟುಂಗ್-ನ್ಯಾಪ್ ತಿದ್ದುಪಡಿಯು t ವಿತರಣೆಯನ್ನು ಬಳಸಿ ಈ ಅನಿಶ್ಚಿತತೆಗೂ ಜಾಗ ಮಾಡಿಕೊಡುವುದರಿಂದ ವ್ಯಾಪ್ತಿ -0.82ರಿಂದ 0.10ಕ್ಕೆ ಹಿಗ್ಗುತ್ತದೆ. ಪ್ರಬಂಧದಲ್ಲಿ ಈ ಎರಡನೆಯದನ್ನೇ ಮುಂದಿಡುವುದು ಸರಿ, ಮತ್ತು ಆ ಆಯ್ಕೆಯನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು.

ಭಿನ್ನತೆಯ ಓದಿನಲ್ಲಿ ಹೆಚ್ಚು ತಪ್ಪಾಗುವುದು I² ಎಂಬ ಶೇಕಡಾವಾರಿನ ವಿಷಯದಲ್ಲಿ. ಈ ಉದಾಹರಣೆಯಲ್ಲಿ ಅದು ಶೇ. 64. ಅಧ್ಯಯನಗಳ ನಡುವೆ ಕಾಣುವ ಏರಿಳಿತದಲ್ಲಿ ಎಷ್ಟು ಪಾಲು ಮಾದರಿ ಆಯ್ಕೆಯ ಆಕಸ್ಮಿಕಕ್ಕೆ ಸೇರದೆ ನಿಜ ವ್ಯತ್ಯಾಸದಿಂದ ಬಂದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ; ಪರಿಣಾಮ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಪ್ರತಿ ಅಧ್ಯಯನದಲ್ಲೂ ತಾಕುಗಳು ನಾಲ್ಕು ಪಟ್ಟಾಗಿ ವೇರಿಯನ್ಸ್‌ಗಳು ಕಾಲುಭಾಗಕ್ಕೆ ಇಳಿದು τ² ಹಾಗೇ ಉಳಿದರೆ, ಕಾಡುಗಳಲ್ಲಿ ಏನೂ ಬದಲಾಗದಿದ್ದರೂ I² ಸುಮಾರು ಶೇ. 88ಕ್ಕೆ ಏರುತ್ತದೆ. ಅಧ್ಯಯನಗಳು ಐದೇ ಆಗಿರುವಾಗ ಆ ಶೇ. 64ರ ಅನಿಶ್ಚಿತತೆಯೂ ಸುಮಾರು ಶೇ. 7ರಿಂದ ಶೇ. 86ರವರೆಗೆ ಚಾಚಿರುತ್ತದೆ, ಅದನ್ನು 'ಮಧ್ಯಮ' ಅಥವಾ 'ಅಧಿಕ' ಎಂಬ ಪಟ್ಟಿಯಡಿ ಹಾಕುವುದರಲ್ಲಿ ಅರ್ಥವಿಲ್ಲ.

ಅರಣ್ಯ ನಿರ್ವಹಣೆಗೆ ಬೇಕಾದ ಉತ್ತರ ಮುನ್ಸೂಚನಾ ವ್ಯಾಪ್ತಿಯಲ್ಲಿದೆ. ಹೊಸದೊಂದು ಕಾಡಿನಲ್ಲಿ ಪರಿಣಾಮ ಎಷ್ಟಿರಬಹುದು ಎಂದು ಹೇಳುವ ಈ ವ್ಯಾಪ್ತಿಯು, ಮೂರು ಸ್ವಾತಂತ್ರ್ಯಾಂಶಗಳ t ಬಳಸಿದಾಗ, -1.47ರಿಂದ 0.75ರವರೆಗೆ ಹರಡುತ್ತದೆ: ಸಸಿಗಳು ಕಾಲುಭಾಗಕ್ಕಿಂತ ಕೆಳಗೆ ಇಳಿಯಲೂಬಹುದು, ಇಮ್ಮಡಿಗಿಂತ ಹೆಚ್ಚಿರಲೂಬಹುದು. ಸರಾಸರಿಯ ಶೇ. 30ನ್ನು ಮದ್ದೂರು ವಲಯಕ್ಕೆ ನೇರವಾಗಿ ಅನ್ವಯಿಸುವುದು ಎಷ್ಟು ದುಡುಕಿನದೆಂದು ಇದರಿಂದ ತಿಳಿಯುತ್ತದೆ.

ಈ ಭಿನ್ನತೆಗೆ ಕಾರಣ ಮಳೆಯೋ, ಬೆಂಕಿಯೋ, ಲಂಟಾನ ಬಂದು ಎಷ್ಟು ಕಾಲವಾಯಿತೆಂಬುದೋ ಎಂದು ಐದು ಅಧ್ಯಯನಗಳ ಮೇಲೆ ಪರೀಕ್ಷೆ ನಡೆಸಿ ತೀರ್ಮಾನಿಸಲಾಗದು. ಈ ವಿವರಗಳನ್ನು ಕೋಷ್ಟಕದಲ್ಲಿ ಪರಿಣಾಮದ ಪಕ್ಕಕ್ಕೆ ಇಟ್ಟು ವರ್ಣಿಸುವುದೇ ಪ್ರಾಮಾಣಿಕ ಮಾರ್ಗ. ಇವು ಬಹುತೇಕ ವೀಕ್ಷಣಾ ಅಧ್ಯಯನಗಳಾದ್ದರಿಂದ, ಮೊದಲೇ ಮರ ವಿರಳವಾದ ಜಾಗಕ್ಕೆ ಲಂಟಾನ ನುಗ್ಗಿರುವ ಸಾಧ್ಯತೆಯನ್ನು ಎಷ್ಟೇ ಒಳ್ಳೆಯ ಕ್ರೋಡೀಕರಣವೂ ನಿವಾರಿಸುವುದಿಲ್ಲ. ಇದಲ್ಲದೆ ಅಧ್ಯಯನಗಳ ಸ್ವತಂತ್ರತೆಯನ್ನೂ ನೋಡಬೇಕು: ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಗುರುತಿಸಿದ 50 ಹೆಕ್ಟೇರ್ ತಾಕಿನಂಥ ಒಂದೇ ಜಾಗದಿಂದ ಹಲವು ಪ್ರಬಂಧಗಳು ಹೊರಡುವುದರಿಂದ, ಅದೇ ಮರಗಳನ್ನು ಅಳೆದ ಎರಡು ಪ್ರಬಂಧಗಳನ್ನು ಎರಡು ಅಧ್ಯಯನವೆಂದು ಎಣಿಸಿದರೆ ವ್ಯಾಪ್ತಿಗಳು ಸಲ್ಲದಷ್ಟು ಕಿರಿದಾಗುತ್ತವೆ, ಅಂಥಲ್ಲಿ ಒಂದನ್ನು ಮಾತ್ರ ಆರಿಸಿ, ಆಯ್ಕೆಯ ಕಾರಣವನ್ನು ವಿಧಾನದ ಅಧ್ಯಾಯದಲ್ಲಿ ದಾಖಲಿಸಬೇಕಾಗುತ್ತದೆ.